ಚೆರಿ ಎಂದರೆ ಅಗ್ಗ, ನ್ಯಾಚುರಲ್ ಎಂದರೆ ದುಬಾರಿ

ಬೆಂಗಳೂರಿನ ಇಂದಿರಾನಗರದಲ್ಲೋ ಜಯನಗರದಲ್ಲೋ ಹೊಸದಾಗಿ ತೆರೆದ ಕಾಫಿ ಅಂಗಡಿಗೆ ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರನ್ನು ಕರೆದುಕೊಂಡು ಹೋದರೆ ಅವರಿಗೆ ಮೊದಲು ನಗು ಬರಬಹುದು, ಆಮೇಲೆ ಸಿಟ್ಟು. ಅಲ್ಲಿ 'ನ್ಯಾಚುರಲ್' ಎಂದು ಬರೆದ ಪೊಟ್ಟಣದ ಬೆಲೆ ಎಷ್ಟೋ ಸಲ ಉಳಿದವಕ್ಕಿಂತ ಮೇಲೆ ಇರುತ್ತದೆ. ಏನದು ಎಂದು ವಿಚಾರಿಸಿದರೆ, ಹಣ್ಣಿನ ಸಿಪ್ಪೆ ಸುಲಿಯದೆ ಇಡಿಯಾಗಿ ಬಿಸಿಲಿಗೆ ಒಣಗಿಸಿದ ಕಾಫಿ ಎಂಬ ಉತ್ತರ ಬರುತ್ತದೆ. ಅವರ ಮನೆಯ ಕಣದಲ್ಲಿ ಅಜ್ಜನ ಕಾಲದಿಂದ ಅದಕ್ಕೆ 'ಚೆರಿ' ಎಂದೇ ಹೆಸರು. ನೀರಿನ ಅನುಕೂಲವಿಲ್ಲದವರು, ಪಲ್ಪರ್ ಇಲ್ಲದವರು, ಕೊಯ್ಲಿನ ಕೊನೆಗೆ ಉಳಿದದ್ದನ್ನು ಬಾಚಿಕೊಂಡವರು ಮಾಡುತ್ತಿದ್ದದ್ದು ಚೆರಿ. ಒಳ್ಳೆಯ ಹಣ್ಣೆಲ್ಲ ಪಲ್ಪರ್‌ಗೆ, ಮಿಕ್ಕಿದ್ದು ಕಣಕ್ಕೆ.

ಹಾಗಾದರೆ ಪೇಟೆಯವರಿಗೆ ಟೋಪಿ ಹಾಕುತ್ತಿದ್ದಾರೆಯೇ? ಹಾಗೇನಿಲ್ಲ. ಆದರೆ ಇದು ಬಿಡಿಸಿಕೊಳ್ಳಬೇಕಾದರೆ ಲೋಟವನ್ನು ಪಕ್ಕಕ್ಕಿಟ್ಟು ಮೊದಲು ಒಂದು ಹಣ್ಣನ್ನು ಕೈಗೆ ತೆಗೆದುಕೊಳ್ಳಬೇಕು.

ಡಿಸೆಂಬರ್ ತಿಂಗಳಲ್ಲಿ ಅರೇಬಿಕಾ ಗಿಡದಿಂದ ಚೆನ್ನಾಗಿ ಕೆಂಪಾದ ಹಣ್ಣೊಂದನ್ನು ಕಿತ್ತು ಎರಡು ಬೆರಳಿನ ನಡುವೆ ಹಿಚುಕಿದರೆ ಒಳಗಿನ ಎರಡು ಬೇಳೆ ಪಚಕ್ಕನೆ ಜಾರಿ ಅಂಗೈಗೆ ಬೀಳುತ್ತವೆ. ಹಿಡಿಯಲು ಹೋದರೆ ಮತ್ತೆ ಜಾರುತ್ತವೆ, ಅಷ್ಟು ಲೋಳೆ. ಬಾಯಿಗೆ ಹಾಕಿಕೊಂಡರೆ ಸಿಹಿ. ಮಲೆನಾಡಿನ ಮಕ್ಕಳು ಚೀಪಿ ಉಗುಳುವುದು ಇದನ್ನೇ. ಈ ಲೋಳೆಯಲ್ಲಿ ಬಹುಪಾಲು ನೀರು, ಉಳಿದದ್ದು ಸಕ್ಕರೆ ಮತ್ತು ಪೆಕ್ಟಿನ್. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಯಾವುದರಿಂದಲೋ ಅದೇ ಪೆಕ್ಟಿನ್. ಲೋಳೆಯ ಕೆಳಗೆ ಕಾಗದದಂಥ ಗಟ್ಟಿ ಹೊದಿಕೆ, ಅದು ಪಾರ್ಚ್‌ಮೆಂಟ್. ಅದರೊಳಗೆ ಬೆಳ್ಳಿ ಬಣ್ಣದ ತೆಳು ಪೊರೆ, ಅದರೊಳಗೆ ಬೇಳೆ.

ಬೇಳೆಗೆ ತಲುಪಲು ಇಷ್ಟೂ ಹೊದಿಕೆ ಹೋಗಲೇಬೇಕು. ಯಾವುದನ್ನು ಒಣಗಿಸುವ ಮೊದಲು ತೆಗೆಯುತ್ತಾರೆ, ಯಾವುದನ್ನು ಒಣಗಿದ ಮೇಲೆ ತೆಗೆಯುತ್ತಾರೆ ಎಂಬುದಷ್ಟೇ ಮೂರು ವಿಧಾನಗಳ ನಡುವಿನ ವ್ಯತ್ಯಾಸ. ಸಿಪ್ಪೆ, ಲೋಳೆ ಎರಡನ್ನೂ ಮೊದಲೇ ತೆಗೆದು ತೊಳೆದು ಒಣಗಿಸಿದರೆ ವಾಶ್ಡ್, ನಮ್ಮ ತೋಟದ ಮಾತಿನಲ್ಲಿ ಪಾರ್ಚ್‌ಮೆಂಟ್ ಕಾಫಿ. ಏನನ್ನೂ ತೆಗೆಯದೆ ಒಣಗಿಸಿದರೆ ನ್ಯಾಚುರಲ್. ಸಿಪ್ಪೆ ತೆಗೆದು ಲೋಳೆಯನ್ನು ಉಳಿಸಿಕೊಂಡು ಒಣಗಿಸಿದರೆ ಹನಿ. ಇದರಲ್ಲಿ ಜೇನುತುಪ್ಪದ ಒಂದು ತೊಟ್ಟೂ ಇಲ್ಲ. ಕೋಸ್ಟರಿಕಾದ ಬೆಳೆಗಾರರು ಅಂಟಂಟಾದ ಲೋಳೆಯನ್ನು ತಮ್ಮ ಸ್ಪ್ಯಾನಿಷ್ ಮಾತಿನಲ್ಲಿ 'ಮಿಯೆಲ್', ಅಂದರೆ ಜೇನು ಎನ್ನುತ್ತಾರೆ, ಅದೇ ಇಂಗ್ಲಿಷಿಗೆ ಹನಿಯಾಗಿ ಬಂತು.

ಮೂರನ್ನೂ ಒಂದೇ ಹಣ್ಣಿನಲ್ಲಿ ನೋಡೋಣ. ಚಿಕ್ಕಮಗಳೂರಿನ ಗಿರಿಯ ಕೆಳಗಿನ ಒಂದು ತೋಟ, ಗಿಡ ನಮ್ಮಲ್ಲಿ ಎಲ್ಲೆಡೆ ಇರುವ ಎಸ್.795 ಅರೇಬಿಕಾ ಎಂದಿಟ್ಟುಕೊಳ್ಳಿ. ಒಂದು ದಿನ ಆರಿಸಿ ಕಿತ್ತ 300 ಕೆ.ಜಿ.ಗಿಂತ ತುಸು ಹೆಚ್ಚು ಹಣ್ಣು ಸಂಜೆ ನಾಲ್ಕರ ಹೊತ್ತಿಗೆ ತೂಕವಾಗಿ ಬಂದಿದೆ. ಮೊದಲು ಎಲ್ಲವನ್ನೂ ನೀರಿನ ತೊಟ್ಟಿಗೆ ಸುರಿಯುತ್ತಾರೆ. ಕಾಯಿಕೊರಕ ತಿಂದದ್ದು, ಜೊಳ್ಳು, ಗಿಡದಲ್ಲೇ ಒಣಗಿದ್ದು ತೇಲುತ್ತವೆ, ಅವನ್ನು ತೆಗೆದುಹಾಕುತ್ತಾರೆ. ಮುಳುಗಿದ ಹಣ್ಣನ್ನು ನೂರು ನೂರು ಕೆ.ಜಿ.ಯಂತೆ ಮೂರು ಪಾಲು ಮಾಡೋಣ.

ಮೊದಲ ಪಾಲು ಅವತ್ತೇ ರಾತ್ರಿಯೊಳಗೆ ಪಲ್ಪರ್‌ಗೆ ಹೋಗಬೇಕು. ಬೆಳಿಗ್ಗೆ ಮಾಡಿದರಾಯಿತು ಎಂದು ಬಿಟ್ಟರೆ ಹಣ್ಣು ಚೀಲದಲ್ಲೇ ಬಿಸಿಯಾಗಿ ಹುಳಿಯತೊಡಗುತ್ತದೆ. ಪಲ್ಪರ್‌ನಲ್ಲಿ ಸಿಪ್ಪೆ ಒಂದು ಕಡೆ, ಲೋಳೆ ಹತ್ತಿದ ಬೇಳೆ ಇನ್ನೊಂದು ಕಡೆ ಬೀಳುತ್ತವೆ. ಯಂತ್ರದ ಸಂದು ಬಿಗಿಯಾದರೆ ಬೇಳೆಗೆ ಗಾಯ, ಸಡಿಲವಾದರೆ ಬೇಳೆಯ ಜೊತೆ ಸಿಪ್ಪೆ. ಲೋಳೆಬೇಳೆಯನ್ನು ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ, ರೊಬಸ್ಟಾದ ಲೋಳೆ ಹಟಮಾರಿಯಾದ್ದರಿಂದ ಅದಕ್ಕೆ ಮೂರು ದಿನವೂ ಬೇಕಾದೀತು. ಹಣ್ಣಿನದೇ ಕಿಣ್ವಗಳು ಮತ್ತು ಸೂಕ್ಷ್ಮಜೀವಿಗಳು ಸೇರಿ ಪೆಕ್ಟಿನ್ ಕರಗಿಸುತ್ತವೆ. ಆದರೆ ಗಡಿಯಾರ ನೋಡಿ ತೊಟ್ಟಿ ತೆರೆಯುವವರು ಮೋಸ ಹೋಗುತ್ತಾರೆ. ಚಳಿ ಬಿದ್ದ ರಾತ್ರಿ ಹುದುಗುವುದು ತಡ, ಮೋಡ ಮುಚ್ಚಿ ಸೆಖೆಯಾದ ರಾತ್ರಿ ಬೇಗ.

ಅನುಭವಿ ಮೇಸ್ತ್ರಿ ಗಡಿಯಾರ ನೋಡುವುದಿಲ್ಲ. ಒಂದು ಕೋಲನ್ನು ಬೇಳೆಯ ರಾಶಿಗೆ ಚುಚ್ಚಿ ಎಳೆಯುತ್ತಾನೆ. ಲೋಳೆ ಇನ್ನೂ ಇದ್ದರೆ ಬೇಳೆ ಜಾರಿ ತೂತು ಮುಚ್ಚಿಕೊಳ್ಳುತ್ತದೆ, ಲೋಳೆ ಬಿಟ್ಟಿದ್ದರೆ ತೂತು ಹಾಗೇ ನಿಲ್ಲುತ್ತದೆ. ಆಮೇಲೆ ಒಂದು ಹಿಡಿ ತೆಗೆದು ನೀರಲ್ಲಿ ತೊಳೆದು ಅಂಗೈಯಲ್ಲಿ ಉಜ್ಜುತ್ತಾನೆ. ನುಣ್ಣಗೆ ಜಾರಿದರೆ ಇನ್ನೂ ಸಮಯ ಬೇಕು, ಹೊಳೆಯ ಸಣ್ಣ ಕಲ್ಲಿನಂತೆ ಗರಗರ ಎಂದರೆ ಆಯಿತು. ಕೂಡಲೇ ಎರಡು ಮೂರು ಸಲ ಹೊಸ ನೀರಲ್ಲಿ ತೊಳೆಯಬೇಕು. ತಡವಾದರೆ ಹುಳಿ ಬೇಳೆಯೊಳಕ್ಕೆ ಇಳಿಯುತ್ತದೆ, ಇಳಿದದ್ದು ಯಾವ ನೀರಿಗೂ ಹೋಗುವುದಿಲ್ಲ.

ಇಲ್ಲಿ ಒಂದು ಸಣ್ಣ ಖಳನಾಯಕನ ಬಗ್ಗೆ ಹೇಳಲೇಬೇಕು. ಕಾಫಿ ರುಚಿ ನೋಡುವವರು ಅದಕ್ಕೆ 'ಸ್ಟಿಂಕರ್' ಎನ್ನುತ್ತಾರೆ, ನಾರುವ ಬೇಳೆ. ನಿನ್ನೆಯ ನಾಲ್ಕು ಬೇಳೆ ಪಲ್ಪರ್‌ನ ಸಂದಿಯಲ್ಲೋ ತೊಟ್ಟಿಯ ಮೂಲೆಯಲ್ಲೋ ಸಿಕ್ಕಿಕೊಂಡು, ಇವತ್ತಿನ ಕಾಫಿಯ ಜೊತೆ ಇನ್ನೊಮ್ಮೆ ಹುದುಗಿ ಹೊರಬಂದರೆ ಕತೆ ಮುಗಿಯಿತು. ಹೊರಗಿನಿಂದ ನೋಡಲು ಅದು ಬೇರೆ ಬೇಳೆಯಂತೆಯೇ ಇರಬಹುದು. ಹುರಿದು ಪುಡಿ ಮಾಡಿದಾಗ ಕೊಳೆತ ವಾಸನೆ, ಅಂಥದ್ದು ಒಂದೇ ಇದ್ದರೂ ಇಡೀ ಲೋಟ ಕೆಡುತ್ತದೆ. ಕೆಲಸ ಮುಗಿದ ಮೇಲೆ ಪ್ರತಿ ರಾತ್ರಿ ಪಲ್ಪರ್ ತೊಳೆಯಿರಿ ಎಂದು ಯಜಮಾನರು ಗದರುವುದು ಬರಿಯ ಶುಚಿಯ ಗೀಳಿನಿಂದಲ್ಲ.

ತೊಳೆದ ಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ. ಜಾಲರಿಯ ಮೇಜಿನ ಮೇಲೋ ಕಣದಲ್ಲೋ ತೆಳ್ಳಗೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ, ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿ, ಒಂದು ವಾರದಿಂದ ಹತ್ತು ದಿನದಲ್ಲಿ ಆ ನೀರನ್ನು ಶೇ 10ರ ಆಸುಪಾಸಿಗೆ ಇಳಿಸಬೇಕು. ಮೊದಲ ಎರಡು ದಿನ ಮಧ್ಯಾಹ್ನದ ಬಿಸಿಲಿಗೆ ಸುಮ್ಮನೆ ಬಿಟ್ಟರೆ ಪಾರ್ಚ್‌ಮೆಂಟ್ ಸೀಳುತ್ತದೆ. ಕೊನೆಗೆ ನೂರು ಕೆ.ಜಿ. ಹಣ್ಣಿನಿಂದ ಉಳಿಯುವುದು ಹೆಚ್ಚುಕಡಿಮೆ 20 ಕೆ.ಜಿ. ಪಾರ್ಚ್‌ಮೆಂಟ್, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸುಲಿದ ಮೇಲೆ 16 ಕೆ.ಜಿ. ಚಿಲ್ಲರೆ ಬೇಳೆ.

ಇದರ ಲೋಟ ಹೇಗಿರುತ್ತದೆ? ತಿಳಿ. ಕಿತ್ತಳೆಯನ್ನೋ ಗಜನಿಂಬೆಯನ್ನೋ ನೆನಪಿಸುವ ಚುರುಕಾದ ಹುಳಿ ನಾಲಿಗೆಯ ಎರಡೂ ಬದಿಗೆ ತಗಲುತ್ತದೆ, ಬಾಯಿ ಬೇಗ ಸ್ವಚ್ಛವಾಗುತ್ತದೆ, ಕೊನೆಯಲ್ಲಿ ಯಾವ ಜಿಗುಟೂ ಉಳಿಯುವುದಿಲ್ಲ. ತಳಿ ಯಾವುದು, ಎತ್ತರ ಎಷ್ಟು ಎಂಬ ತೋಟದ ಗುಣಗಳು ಈ ಕಾಫಿಯಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತವೆ. ಸಪ್ಪೆ ತೋಟದ ಸಪ್ಪೆತನವೂ ಅಷ್ಟೇ ನಿಚ್ಚಳ. ಹೊರದೇಶಗಳಲ್ಲಿ ಹೆಸರು ಮಾಡಿದ ನಮ್ಮ 'ಮೈಸೂರ್ ನಗೆಟ್ಸ್' ವಾಶ್ಡ್ ಅರೇಬಿಕಾ. ಒರಟು ಎನಿಸಿಕೊಂಡ ರೊಬಸ್ಟಾವನ್ನು ಹೀಗೇ ಪಾರ್ಚ್‌ಮೆಂಟ್ ಮಾಡಿ, ದಪ್ಪ ಬೇಳೆಯನ್ನು ಆರಿಸಿದಾಗ 'ರೊಬಸ್ಟಾ ಕಾಪಿ ರಾಯಲ್' ಎಂಬ ಮೃದುವಾದ ಕಾಫಿ ಸಿಗುತ್ತದೆ.

ಎರಡನೆಯ ಪಾಲು ನ್ಯಾಚುರಲ್. ಕೆಲಸ ಕೇಳಿದರೆ ಬಹಳ ಸುಲಭ: ಹಣ್ಣನ್ನು ಹರವು, ಒಣಗಿಸು. ಮಾಡಲು ಕುಳಿತರೆ ಮೂರರಲ್ಲಿ ಹೆಚ್ಚು ನಿದ್ದೆಗೆಡಿಸುವುದು ಇದೇ. ಇಡೀ ಹಣ್ಣಿನ ನೀರು ಸಿಪ್ಪೆಯ ಮೂಲಕವೇ ಹೋಗಬೇಕಾದ್ದರಿಂದ ಎರಡು ವಾರ, ಮೋಡವಿದ್ದರೆ ಮೂರು ವಾರ ಹಿಡಿಯುತ್ತದೆ. ಅಷ್ಟೂ ದಿನ ಸಿಪ್ಪೆಯೊಳಗೆ ಸಕ್ಕರೆ ಇದೆ, ತೇವ ಇದೆ, ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹದದಲ್ಲಿದ್ದರೆ ಯೀಸ್ಟ್‌ಗಳು ಎಸ್ಟರ್ ಎಂಬ ಸುವಾಸನೆಯ ವಸ್ತುಗಳನ್ನು ಹುಟ್ಟಿಸುತ್ತವೆ. ಕಳಿತ ಬಾಳೆಹಣ್ಣಿಗೆ, ಅನಾನಸಿಗೆ ಆ ಘಮ ಕೊಡುವುದೂ ಇದೇ ಕುಟುಂಬದ ವಸ್ತುಗಳು. ಹದ ತಪ್ಪಿದರೆ ಅದೇ ಸಕ್ಕರೆ ವಿನೆಗರ್ ಆಗುತ್ತದೆ, ಇಲ್ಲವೇ ಬೂಸಲು.

ಹಾಗಾಗಿ ಮೊದಲ ಮೂರು ನಾಲ್ಕು ದಿನವೇ ನಿರ್ಣಾಯಕ. ಹಣ್ಣಿನ ಮೇಲೆ ಹಣ್ಣು ಕೂರದಷ್ಟು ತೆಳ್ಳಗೆ ಹರವಿ, ದಿನಕ್ಕೆ ಹತ್ತಾರು ಸಲ ತಿರುವಬೇಕು. ನೆತ್ತಿಯ ಬಿಸಿಲು ಜೋರಾಗಿದ್ದರೆ ಸಿಪ್ಪೆ ಬೇಗ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಸಿಕ್ಕಿಬೀಳುತ್ತದೆ, ಆಗ ನೆರಳು ಬಲೆ ಕಟ್ಟಬೇಕಾಗುತ್ತದೆ. ಕೆಂಪು ಹಣ್ಣು ಮೊದಲು ಕಡುಗೆಂಪಾಗಿ, ಆಮೇಲೆ ದ್ರಾಕ್ಷಿಯಂತೆ ಸುಕ್ಕಾಗಿ, ಕೊನೆಗೆ ಕಪ್ಪಾಗುತ್ತದೆ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗಿನ ಬೇಳೆ ಗಿಲಗಿಲ ಎಂದರೆ ಒಣಗಿದೆ ಎಂದರ್ಥ. ಬೆಳ್ಳಗೆ ಪುಡಿ ಹಿಡಿದ ಹಣ್ಣು, ಹುಳಿ ಹೆಂಡದ ವಾಸನೆ ಕಂಡರೆ ಆ ಭಾಗವನ್ನು ಬೇರೆ ಮಾಡುವುದೇ ದಾರಿ. ಮಲೆನಾಡಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಒಮ್ಮೊಮ್ಮೆ ಅಕಾಲದ ಮಳೆ ಹೊಯ್ಯುತ್ತದೆ. ಕಣದಲ್ಲಿರುವ ಪಾರ್ಚ್‌ಮೆಂಟನ್ನು ಹೇಗಾದರೂ ಮುಚ್ಚಿ ಉಳಿಸಿಕೊಳ್ಳಬಹುದು, ಅರೆಒಣಗಿದ ಹಣ್ಣನ್ನು ಟಾರ್ಪಾಲಿನ ಕೆಳಗೆ ಎರಡು ದಿನ ಮುಚ್ಚಿಟ್ಟರೆ ಅದು ಹಣ್ಣಾಗಿ ಉಳಿಯುವುದಿಲ್ಲ.

ಚೆರಿಗೆ ಕೆಟ್ಟ ಹೆಸರು ಬಂದದ್ದು ಇಲ್ಲೇ. ಕೊನೆಯ ಕೊಯ್ಲಿನಲ್ಲಿ ಕಾಯಿ, ದೋರೆ, ಹಣ್ಣು, ಒಣಗಿದ್ದು ಎಲ್ಲವನ್ನೂ ಒಟ್ಟಿಗೆ ಎಳೆದು ಗೇಣುದ್ದ ರಾಶಿ ಹಾಕಿ ಒಣಗಿಸಿದರೆ ಬರುವುದು ಮಣ್ಣು, ಹಸಿ ಹುಲ್ಲು, ಬೂಸಲು ಸೇರಿದ ಒರಟು ರುಚಿಯೇ. ತಪ್ಪು ವಿಧಾನದ್ದಲ್ಲ, ಅದಕ್ಕೆ ಹಾಕಿದ ಸರಕಿನದು. ಪೇಟೆಯಲ್ಲಿ ಹೆಚ್ಚು ಬೆಲೆಗೆ ಹೋಗುವ ನ್ಯಾಚುರಲ್‌ಗೆ, ಅದು ಪ್ರಾಮಾಣಿಕವಾದದ್ದಾದರೆ, ಮೊದಲ ದರ್ಜೆಯ ಕೆಂಪು ಹಣ್ಣನ್ನಷ್ಟೇ ಹಾಕಿರುತ್ತಾರೆ. ಬೆಲೆಯಲ್ಲಿ ಅರ್ಧ ಆ ಆರಿಸುವ ಕೂಲಿ, ಇನ್ನರ್ಧ ತಿರುವುವ ಕೂಲಿ ಎಂದರೂ ತಪ್ಪಾಗಲಾರದು. ಅಂದಹಾಗೆ ಧಾರಣೆಯ ಪಟ್ಟಿಯಲ್ಲಿ ಚೆರಿಯ ದರ ಅಷ್ಟು ಕೆಳಗಿರುವುದಕ್ಕೆ ರುಚಿಯೊಂದೇ ಕಾರಣವಲ್ಲ. 50 ಕೆ.ಜಿ. ಚೆರಿಯ ಮೂಟೆಯಲ್ಲಿ ಅರ್ಧದಷ್ಟು ಒಣ ಸಿಪ್ಪೆಯೇ ಇರುತ್ತದೆ. ವ್ಯಾಪಾರಿಗಳು 'ಔಟ್ ಟರ್ನ್ ಎಷ್ಟು' ಎಂದು ಕೇಳುವುದು ಆ ಮೂಟೆಯಿಂದ ಎಷ್ಟು ಕೆ.ಜಿ. ಬೇಳೆ ಇಳಿಯುತ್ತದೆ ಎಂದು ತಿಳಿಯಲು.

ಒಳ್ಳೆಯ ನ್ಯಾಚುರಲ್‌ನ ಲೋಟ ಮೂಗಿಗೆ ಹಿಡಿದಾಗಲೇ ಗುರುತು ಸಿಗುತ್ತದೆ. ಒಣದ್ರಾಕ್ಷಿ, ಕಳಿತ ಹಲಸಿನ ತೊಳೆ, ಜಾಮ್, ಕೆಲವೊಮ್ಮೆ ವೈನ್. ಹುಳಿ ತಗ್ಗಿ ಬಾಯಿ ತುಂಬುವ ದಪ್ಪ ಬರುತ್ತದೆ. ಇಥಿಯೋಪಿಯಾದ ಹರಾರ್‌ನಲ್ಲಿ, ಯೆಮೆನ್‌ನ ಮನೆಗಳ ಚಾವಣಿಯ ಮೇಲೆ ಶತಮಾನಗಳಿಂದ ಕಾಫಿ ಒಣಗುತ್ತ ಬಂದಿರುವುದು ಹೀಗೇ. ನೀರು ಕಡಿಮೆ, ಬಿಸಿಲು ಧಾರಾಳ ಇರುವ ಊರುಗಳಿಗೆ ಬೇರೆ ದಾರಿಯೂ ಇರಲಿಲ್ಲ. ನಮ್ಮ ಕರಾವಳಿಯ 'ಮಾನ್ಸೂನ್ಡ್ ಮಲಬಾರ್' ಕೂಡ ಚೆರಿ ಕಾಫಿಯೇ. ಸುಲಿದ ಅರೇಬಿಕಾ ಚೆರಿಯ ಬೇಳೆಯನ್ನು ಮಳೆಗಾಲದ ತೇವದ ಗಾಳಿಗೆ ವಾರಗಟ್ಟಲೆ ಒಡ್ಡಿದಾಗ ಅದು ಊದಿ ಹುಲ್ಲಿನ ಬಣ್ಣಕ್ಕೆ ತಿರುಗಿ ಹುಳಿಯನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ.

ಮೂರನೆಯ ಪಾಲಿನ ಹನಿಯನ್ನು ನೋಡಿದವರಿಗಿಂತ ಮುಟ್ಟಿದವರು ಮರೆಯುವುದಿಲ್ಲ. ಪಲ್ಪರ್‌ನಿಂದ ಬಿದ್ದ ಲೋಳೆಬೇಳೆಯನ್ನು ತೊಟ್ಟಿಗೂ ಹಾಕದೆ, ತೊಳೆಯದೆ ನೇರವಾಗಿ ಮೇಜಿಗೆ ಹರವುತ್ತಾರೆ. ಅರ್ಧ ದಿನದಲ್ಲಿ ಅದು ಬೆಲ್ಲದ ಪಾಕದಂತೆ ಎಳೆ ಬರುತ್ತದೆ. ಕೈ ಹಾಕಿದರೆ ಬೇಳೆ ಗೊಂಚಲು ಗೊಂಚಲಾಗಿ ಬೆರಳಿಗೆ ಅಂಟುತ್ತದೆ, ಇರುವೆ ಮತ್ತು ಜೇನುಹುಳು ಪಾಲು ಕೇಳಲು ಬರುತ್ತವೆ. ಗಂಟುಗಳನ್ನು ಬಿಡಿಸುತ್ತಲೇ ಇರಬೇಕು, ಬಿಟ್ಟರೆ ಗಂಟಿನ ಒಳಗೆ ಬೂಸಲು. ಬ್ರೆಜಿಲ್‌ನಲ್ಲಿ 1990ರ ದಶಕದಿಂದ 'ಪಲ್ಪ್ಡ್ ನ್ಯಾಚುರಲ್' ಎಂಬ ಹೆಸರಲ್ಲಿ ಇದೇ ದಾರಿ ಬಳಕೆಗೆ ಬಂತು. ಕೋಸ್ಟರಿಕಾದವರು ಇದಕ್ಕೆ ಬಣ್ಣ ಕಟ್ಟಿದರು: ಬಿಳಿ, ಹಳದಿ, ಕೆಂಪು, ಕಪ್ಪು ಹನಿ. ಲೋಳೆ ಕಡಿಮೆ ಉಳಿಸಿ ಬೇಗ ಒಣಗಿಸಿದರೆ ಪಾರ್ಚ್‌ಮೆಂಟ್ ತಿಳಿ ಬಣ್ಣದಲ್ಲೇ ಇರುತ್ತದೆ, ಪೂರ್ತಿ ಉಳಿಸಿ ನೆರಳಲ್ಲಿ ನಿಧಾನ ಒಣಗಿಸಿದರೆ ಕಪ್ಪಾಗುತ್ತದೆ. ಆದರೆ ಈ ಬಣ್ಣಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಂದು ತೋಟದ ಕೆಂಪು ಇನ್ನೊಂದರ ಹಳದಿ ಆಗಿರಬಹುದು.

ಬಣ್ಣ ಯಾವುದಾದರೂ ರುಚಿ ನಡುವಿನದು. ವಾಶ್ಡ್‌ನ ಹುಳಿ ಇದೆ, ಆದರೆ ಅಂಚು ಮಾಸಿದೆ. ನ್ಯಾಚುರಲ್‌ನ ಹಣ್ಣಿನ ಅಬ್ಬರ ಇಲ್ಲ, ಬದಲಿಗೆ ಆಲೆಮನೆಯ ಕಡೆಯಿಂದ ಬಂದಂಥ ಬೆಲ್ಲದ ಸಿಹಿ. ಮೊದಲ ಸಲ ಕಪ್ಪು ಕಾಫಿ ಕುಡಿಯುವವರಿಗೆ ಇದನ್ನೇ ಕೊಡಬಹುದು. ಹೆದರಿಸುವ ಗುಣ ಇದರಲ್ಲಿ ಕಡಿಮೆ.

ಆ ಸಿಹಿ ಎಲ್ಲಿಂದ ಬರುತ್ತದೆ? ಲೋಳೆಯ ಸಕ್ಕರೆ ಬೇಳೆಯೊಳಕ್ಕೆ ಇಳಿಯುತ್ತದೆ ಎಂದು ಅಂಗಡಿಯವರು ಸಲೀಸಾಗಿ ಹೇಳಿಬಿಡುತ್ತಾರೆ. ಕೇಳಲು ಚೆಂದ, ವಿಷಯ ಅಷ್ಟು ಸರಳವಲ್ಲ. ಕಾಫಿ ಬೇಳೆ ಜೀವವಿರುವ ಬೀಜ. ಸಿಪ್ಪೆ ಕಳಚಿ ನೀರು ತಗಲಿದೊಡನೆ ಅದು ಮೊಳೆಯುವ ಸಿದ್ಧತೆ ಶುರುಮಾಡುತ್ತದೆ, ಅದಕ್ಕೆ ತನ್ನೊಳಗಿನ ಗ್ಲೂಕೋಸ್, ಫ್ರಕ್ಟೋಸ್ ಸಕ್ಕರೆಗಳನ್ನು ಖರ್ಚು ಮಾಡುತ್ತದೆ. ಜರ್ಮನಿಯ ಬ್ರೌನ್‌ಶ್ವೈಗ್ ವಿಶ್ವವಿದ್ಯಾಲಯದ ಸಂಶೋಧಕರು 2000ದ ದಶಕದಲ್ಲಿ ಇದನ್ನು ಅಳೆದು ನೋಡಿದರು. ವಾಶ್ಡ್ ಬೇಳೆಯಲ್ಲಿ ಈ ಎರಡು ಸಕ್ಕರೆ ಬಹಳ ಕಡಿಮೆ, ನ್ಯಾಚುರಲ್‌ನಲ್ಲಿ ಹೆಚ್ಚು ಉಳಿದಿತ್ತು. ಬೇಳೆಯ ಮುಖ್ಯ ಸಕ್ಕರೆಯಾದ ಸುಕ್ರೋಸ್‌ನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹೊರಗಿನಿಂದ ಒಳಗೆ ಬಂದದ್ದಕ್ಕಿಂತ, ಒಳಗಿದ್ದದ್ದು ಎಷ್ಟು ಖರ್ಚಾಯಿತು ಎಂಬುದೇ ಇಲ್ಲಿನ ಲೆಕ್ಕ. ಅದರ ಮೇಲೆ ಸೂಕ್ಷ್ಮಜೀವಿಗಳು ಹುಟ್ಟಿಸಿದ ಘಮ ಸೇರುತ್ತದೆ, ಹಣ್ಣಿನ ವಾಸನೆ ಬಂದಾಗ ನಮ್ಮ ನಾಲಿಗೆ ಸಿಹಿಯನ್ನೂ ಊಹಿಸಿಕೊಳ್ಳುತ್ತದೆ.

ಇಷ್ಟೆಲ್ಲ ಓದಿ ಮನೆಯ ಫಿಲ್ಟರ್‌ನಲ್ಲಿ ವ್ಯತ್ಯಾಸ ಹುಡುಕಿದರೆ ನಿರಾಸೆ ಖಚಿತ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾನೂನಿನ ಪ್ರಕಾರ ಕಾಫಿ ಕನಿಷ್ಠ ಶೇ 51 ಇದ್ದರೆ ಸಾಕು, ಉಳಿದದ್ದು ಚಿಕೋರಿ ಆಗಿರಬಹುದು. ಚಿಕೋರಿಯ ಕಹಿ, ಗಾಢ ಹುರಿತ, ಮೇಲೆ ಹಾಲು. ಇವುಗಳ ಎದುರು ವಾಶ್ಡ್‌ನ ನವಿರು ಹುಳಿ ನಿಲ್ಲುವುದಿಲ್ಲ. ನ್ಯಾಚುರಲ್ ನಿಲ್ಲುತ್ತದೆ, ಆದರೆ ಅದರ ಹಣ್ಣಿನ ಘಮ ಹಾಲಿನ ಜೊತೆ ಸೇರಿ ಹುಳಿಮೊಸರಿನ ಕಡೆಗೆ ವಾಲುವುದುಂಟು. ಡಿಕಾಕ್ಷನ್‌ಗೆ ಪೀಬೆರಿ, ಪ್ಲಾಂಟೇಶನ್ 'ಎ' ಕೇಳುವ ನಮ್ಮ ಹಿರಿಯರದು ಮಾತ್ರ ಒಳ್ಳೆಯ ಆಯ್ಕೆ. ವ್ಯಾಪಾರದ ಭಾಷೆಯಲ್ಲಿ ಪ್ಲಾಂಟೇಶನ್ ಎಂದರೆ ವಾಶ್ಡ್ ಅರೇಬಿಕಾ ಎಂದೇ ಅರ್ಥ, ಹಾಲಿಗೆ ಸ್ವಚ್ಛವಾದ ಕಾಫಿ ಹೊಂದುತ್ತದೆ.

ವ್ಯತ್ಯಾಸ ನೋಡಲೇಬೇಕೆಂದರೆ ಒಂದೇ ತೋಟದ, ಒಂದೇ ಹದಕ್ಕೆ ತಿಳಿಯಾಗಿ ಹುರಿದ ಮೂರು ಪೊಟ್ಟಣ ತನ್ನಿ. ಬೇರೆ ಬೇರೆ ತೋಟದ್ದಾದರೆ ತಳಿಯ ರುಚಿ ಯಾವುದು, ಸಂಸ್ಕರಣೆಯದು ಯಾವುದು ತಿಳಿಯದೆ ಗೊಂದಲವಾಗುತ್ತದೆ. ಮೂರು ಲೋಟಕ್ಕೆ 12 ಗ್ರಾಂನಂತೆ ತರಿ ಪುಡಿ ಹಾಕಿ, ಕುದಿ ಇಳಿದ ನೀರು 200 ಮಿ.ಲೀ. ಸುರಿದು ನಾಲ್ಕು ನಿಮಿಷ ಬಿಡಿ. ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಕಲಕಿ ತೆಗೆದು, ಸ್ವಲ್ಪ ಆರಿದ ಮೇಲೆ ಚಮಚದಲ್ಲೇ ಸೊರ್ರೆಂದು ಎಳೆದುಕೊಳ್ಳಿ. ಸದ್ದು ಮಾಡಬೇಡ ಎಂದು ಬೈಯುವವರು ಮನೆಯಲ್ಲಿಲ್ಲದ ಹೊತ್ತು ಆರಿಸಿಕೊಂಡರೆ ಒಳ್ಳೆಯದು, ಗಾಳಿ ಸೇರಿದಾಗಲೇ ಘಮ ಮೂಗಿನ ಹಿಂಭಾಗಕ್ಕೆ ಏರುವುದು. ಬಿಸಿ ಇದ್ದಾಗ ಮೂರೂ ಕಾಫಿಯಂತೆಯೇ ಇರುತ್ತವೆ. ಉಗುರುಬೆಚ್ಚಗಾದಾಗ ಬೇರೆಯಾಗುತ್ತವೆ. ಪೂರ್ತಿ ತಣ್ಣಗಾದ ಮೇಲೆ ಇನ್ನೊಂದು ಗುಟುಕು ಕುಡಿಯುವುದನ್ನು ಮರೆಯಬೇಡಿ. ಚೆನ್ನಾಗಿ ಒಣಗಿದ ನ್ಯಾಚುರಲ್ ಆಗಲೂ ದ್ರಾಕ್ಷಿಯಂತೆಯೇ ಇರುತ್ತದೆ. ಕಣದಲ್ಲಿ ತಿರುವುವ ಕೈ ಸೋತ ಕಾಫಿ ಆ ಹೊತ್ತಿಗೆ ವಿನೆಗರ್ ವಾಸನೆ ಹೊಡೆಯುತ್ತದೆ.